ಮೈಗ್ರೇನ್ ತಡೆಗೆ ಮೆಗ್ನೀಶಿಯಂ, ರೈಬೋಫ್ಲೇವಿನ್, ಫೀವರ್‌ಫ್ಯೂ: ಎಷ್ಟು ತಗೋಬೇಕು, ಎಷ್ಟು ದಿನ ಕಾಯಬೇಕು

ನನ್ನ ಅಕ್ಕನಿಗೆ ಹದಿನೈದು ವರ್ಷದಿಂದ ಮೈಗ್ರೇನ್ ಇದೆ. ಅವಳು ಮೆಗ್ನೀಶಿಯಂ ಮಾತ್ರೆ ಶುರು ಮಾಡಿ ಹತ್ತೇ ದಿನಕ್ಕೆ ಫೋನ್ ಮಾಡಿದಳು. "ಏನೂ ಆಗ್ಲಿಲ್ಲ ಕಣೋ, ನಿನ್ನೆ ಮತ್ತೆ ಬಂತು. ಬಿಟ್ಬಿಡ್ತೀನಿ" ಅಂದಳು. ಮೆಗ್ನೀಶಿಯಂ, ರೈಬೋಫ್ಲೇವಿನ್ ಅನ್ನುವ ವಿಟಮಿನ್, ಫೀವರ್‌ಫ್ಯೂ ಅನ್ನುವ ಗಿಡಮೂಲಿಕೆ, ಈ ಮೂರನ್ನು ತಗೊಳ್ಳುವವರಲ್ಲಿ ತುಂಬಾ ಜನ ಕೈಬಿಡುವುದು ಇಲ್ಲೇ. ತಲೆನೋವಿನ ಮಾತ್ರೆ ನುಂಗಿದರೆ ಒಂದೆರಡು ಗಂಟೆಯಲ್ಲಿ ಗೊತ್ತಾಗುತ್ತದೆ. ಇವು ಹಾಗಲ್ಲ. ಇವು ಬಂದ ನೋವನ್ನು ಇಳಿಸುವುದಿಲ್ಲ. ಮುಂದಿನ ತಿಂಗಳುಗಳಲ್ಲಿ ಎಷ್ಟು ಸಲ ನೋವು ಬರುತ್ತದೆ ಅನ್ನುವ ಲೆಕ್ಕವನ್ನು ಸ್ವಲ್ಪ ಕಡಿಮೆ ಮಾಡಬಹುದು, ಅಷ್ಟೇ. ಆ ಲೆಕ್ಕ ಸಿಗಬೇಕಾದರೆ ಮೂರು ತಿಂಗಳು ಬೇಕು, ಜೊತೆಗೆ ಒಂದು ಡೈರಿ ಬೇಕು.

ಇನ್ನೊಂದು ತಪ್ಪು ಇದಕ್ಕೆ ಉಲ್ಟಾ. ಮೂರನ್ನೂ ಒಟ್ಟಿಗೆ ಶುರು ಮಾಡಿ, ಸ್ವಲ್ಪ ಕಡಿಮೆಯಾದರೆ ಯಾವುದರಿಂದ ಕಡಿಮೆಯಾಯಿತು ಅಂತ ಗೊತ್ತಾಗದೆ, ವರ್ಷಗಟ್ಟಲೆ ಮೂರನ್ನೂ ನುಂಗುತ್ತಾ ಇರುವುದು. ಅದಕ್ಕೇ ಒಂದೊಂದನ್ನೇ ಹೇಗೆ ಪರೀಕ್ಷೆ ಮಾಡುವುದು ಅಂತ ಇಲ್ಲಿ ಹೇಳುತ್ತೇನೆ. ಅಕ್ಕನ ಡೈರಿಯೂ ಜೊತೆಯಲ್ಲಿ ಬರುತ್ತದೆ.

ಶುರು ಮಾಡುವ ಮೊದಲು

ಇದೆಲ್ಲ ಡಾಕ್ಟರು ಮೈಗ್ರೇನ್ ಅಂತ ಹೇಳಿರುವವರಿಗೆ ಮಾತ್ರ. ಇದ್ದಕ್ಕಿದ್ದಂತೆ ಸಿಡಿಲು ಬಡಿದ ಹಾಗೆ ಬಂದ ನೋವು, ಐವತ್ತು ದಾಟಿದ ಮೇಲೆ ಮೊದಲ ಸಲ ಶುರುವಾದ ನೋವು, ಜ್ವರ ಮತ್ತು ಕತ್ತು ಬಿಗಿತದ ಜೊತೆ ಬಂದ ನೋವು, ಕೈಕಾಲು ಸೋತು ಅಥವಾ ಮಾತು ತೊದಲಿ ಬಂದ ನೋವು: ಇಂಥವನ್ನು ಮೊದಲು ಆಸ್ಪತ್ರೆಯಲ್ಲಿ ತೋರಿಸಬೇಕು.

ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಮೆಗ್ನೀಶಿಯಂ ಮುಟ್ಟಬಾರದು. ಜಾಸ್ತಿಯಾದ ಮೆಗ್ನೀಶಿಯಂ ಅನ್ನು ಹೊರಗೆ ಹಾಕುವ ಕೆಲಸ ಕಿಡ್ನಿಯದು. ಅದು ಸರಿಯಾಗಿ ಕೆಲಸ ಮಾಡದಿದ್ದರೆ ಮೆಗ್ನೀಶಿಯಂ ರಕ್ತದಲ್ಲಿ ಉಳಿದು ಸುಸ್ತು, ಬಿಪಿ ಇಳಿಯುವುದು, ನಾಡಿ ನಿಧಾನವಾಗುವುದು ಇವೆಲ್ಲ ಶುರುವಾಗಬಹುದು. ಬಸುರಿಯರು ಮತ್ತು ಬಸಿರಿಗೆ ಪ್ರಯತ್ನಿಸುತ್ತಿರುವವರು ಫೀವರ್‌ಫ್ಯೂ ತಗೊಳ್ಳಲೇಬಾರದು, ಗರ್ಭಕೋಶ ಹಿಂಡಿದ ಹಾಗೆ ಬಿಗಿಯುವ ಭಯ ಇದೆ. ಉಳಿದ ಎರಡನ್ನು ಅವರು ಡಾಕ್ಟರ ಹತ್ತಿರ ಮಾತಾಡಿಯೇ ತಗೊಳ್ಳಬೇಕು.

ಈಗಾಗಲೇ ಮೈಗ್ರೇನ್ ತಡೆಯುವ ಔಷಧಿ ತಗೊಳ್ಳುತ್ತಿದ್ದರೆ ಅದನ್ನು ನೀವಾಗಿ ನಿಲ್ಲಿಸಬೇಡಿ. ಈ ಮೂರು ಅದರ ಬದಲಿಗೆ ಅಲ್ಲ.

ಮೊದಲ ತಿಂಗಳು: ಮಾತ್ರೆ ಇಲ್ಲ, ಬರೀ ಡೈರಿ

ಈ ತಿಂಗಳನ್ನು ಬಿಟ್ಟುಬಿಡೋಣ ಅಂತ ಎಲ್ಲರಿಗೂ ಅನ್ನಿಸುತ್ತದೆ. ಬಿಡಬೇಡಿ. ಮೈಗ್ರೇನ್ ತಾನಾಗಿಯೇ ಏರಿಳಿಯುವ ಕಾಯಿಲೆ. ತುಂಬಾ ಕೆಟ್ಟ ತಿಂಗಳಾದ ಮೇಲೆ ನಾವು ಮಾತ್ರೆ ಹುಡುಕಿಕೊಂಡು ಹೋಗುತ್ತೇವೆ. ಕೆಟ್ಟ ತಿಂಗಳಾದ ಮೇಲೆ ಸಾಮಾನ್ಯವಾಗಿ ಸ್ವಲ್ಪ ಒಳ್ಳೆಯ ತಿಂಗಳು ಬರುತ್ತದೆ, ಮಾತ್ರೆ ತಗೊಂಡರೂ ಸರಿ, ಬಿಟ್ಟರೂ ಸರಿ. ಹೆಸರು ಮಾತ್ರ ಮಾತ್ರೆಗೆ ಬರುತ್ತದೆ.

ಡೈರಿಯಲ್ಲಿ ದಿನಕ್ಕೆ ಒಂದು ಸಾಲು ಸಾಕು. ಇವತ್ತು ತಲೆನೋವು ಇತ್ತೋ ಇಲ್ಲವೋ. ಇದ್ದರೆ ಹತ್ತಕ್ಕೆ ಎಷ್ಟು. ನೋವಿನ ಮಾತ್ರೆ ತಗೊಂಡೆನೋ ಇಲ್ಲವೋ. ಮುಟ್ಟಿನ ದಿನವಾದರೆ ಒಂದು ಗುರುತು. ಇಷ್ಟೇ. ತಿಂದದ್ದು, ನಿದ್ದೆ, ಮಳೆ ಬಿಸಿಲು ಎಲ್ಲ ಬರೆಯಲು ಹೋದರೆ ಎರಡನೇ ವಾರಕ್ಕೇ ಡೈರಿ ನಿಂತುಹೋಗುತ್ತದೆ.

ತಿಂಗಳ ಕೊನೆಯಲ್ಲಿ ಎರಡು ಸಂಖ್ಯೆ ತೆಗೆಯಿರಿ: ತಲೆನೋವಿದ್ದ ದಿನಗಳು ಎಷ್ಟು, ನೋವಿನ ಮಾತ್ರೆ ನುಂಗಿದ ದಿನಗಳು ಎಷ್ಟು. ಅಕ್ಕನದು 10 ಮತ್ತು 8 ಬಂತು.

ಎರಡನೇ ಸಂಖ್ಯೆಯನ್ನು ಸುಮ್ನೆ ಬರೆಸಿದ್ದಲ್ಲ. ಮೈಗ್ರೇನ್ ಬಂದಾಗ ತಗೊಳ್ಳುವ ಟ್ರಿಪ್ಟಾನ್ ಜಾತಿಯ ಮಾತ್ರೆಗಳನ್ನು ತಿಂಗಳಿಗೆ 10 ದಿನ ಅಥವಾ ಜಾಸ್ತಿ, ಪ್ಯಾರಸಿಟಮಾಲ್ ಅಥವಾ ಐಬುಪ್ರೊಫೆನ್ ಥರದ್ದನ್ನು 15 ದಿನ ಅಥವಾ ಜಾಸ್ತಿ, ಹೀಗೆ ಮೂರು ತಿಂಗಳಿಗಿಂತ ಹೆಚ್ಚು ಕಾಲ ತಗೊಂಡರೆ ಆ ಮಾತ್ರೆಗಳೇ ತಲೆನೋವು ತರಬಹುದು. ನಿಮ್ಮ ಸಂಖ್ಯೆ ಅಲ್ಲಿಗೆ ಮುಟ್ಟಿದ್ದರೆ ಮೊದಲು ಅದನ್ನು ಡಾಕ್ಟರ ಹತ್ತಿರ ಸರಿಮಾಡಿಕೊಳ್ಳಿ. ಅದು ಸರಿಯಾಗದೆ ಮೇಲಿಂದ ವಿಟಮಿನ್ ಸುರಿದರೆ ಏನೂ ತಿಳಿಯುವುದಿಲ್ಲ.

ಮೆಗ್ನೀಶಿಯಂ: ಲೇಬಲ್ ಓದುವುದೇ ಅರ್ಧ ಕೆಲಸ

ಮೈಗ್ರೇನ್ ತಡೆಗೆ ಸಾಮಾನ್ಯವಾಗಿ ಹೇಳುವ ಪ್ರಮಾಣ ದಿನಕ್ಕೆ 400ರಿಂದ 600 ಮಿಲಿಗ್ರಾಂ. ಇದು ಶುದ್ಧ ಮೆಗ್ನೀಶಿಯಂನ ತೂಕ. ಲೇಬಲ್‌ನಲ್ಲಿ ಇದನ್ನು ಎಲಿಮೆಂಟಲ್ ಮೆಗ್ನೀಶಿಯಂ ಅಂತ ಬರೆದಿರುತ್ತಾರೆ. ಮೋಸ ಹೋಗುವುದು ಇಲ್ಲೇ. ಮೆಗ್ನೀಶಿಯಂ ಯಾವಾಗಲೂ ಇನ್ನೊಂದರ ಜೊತೆ ಸೇರಿಕೊಂಡೇ ಮಾತ್ರೆಯಾಗುತ್ತದೆ: ಸಿಟ್ರೇಟ್, ಆಕ್ಸೈಡ್, ಗ್ಲೈಸಿನೇಟ್ ಹೀಗೆ. ಮೆಗ್ನೀಶಿಯಂ ಸಿಟ್ರೇಟ್‌ನ ತೂಕದಲ್ಲಿ ಶುದ್ಧ ಮೆಗ್ನೀಶಿಯಂ ಇರುವುದು ನೂರಕ್ಕೆ ಸುಮಾರು 16 ಭಾಗ ಮಾತ್ರ. ಆಕ್ಸೈಡ್‌ನಲ್ಲಿ ನೂರಕ್ಕೆ ಸುಮಾರು 60.

ಅಂದರೆ ಡಬ್ಬಿಯ ಮುಂದೆ ದೊಡ್ಡದಾಗಿ "ಮೆಗ್ನೀಶಿಯಂ ಸಿಟ್ರೇಟ್ 500 ಮಿಲಿಗ್ರಾಂ" ಅಂತ ಇದ್ದು, ಅದು ಪೂರ್ತಿ ಸಂಯುಕ್ತದ ತೂಕವಾಗಿದ್ದರೆ, ನಿಮಗೆ ಸಿಗುವುದು ಸುಮಾರು 80 ಮಿಲಿಗ್ರಾಂ. ಅಕ್ಕ ಮೊದಲ ಹತ್ತು ದಿನ ತಗೊಂಡಿದ್ದು ಇದನ್ನೇ, ದಿನಕ್ಕೆ ಒಂದು. "500 ತಗೋತಿದ್ದೀನಲ್ಲ" ಅಂತ ಅವಳ ವಾದ. ಡಬ್ಬಿ ತಿರುಗಿಸಿ ಹಿಂದಿನ ಚಿಕ್ಕ ಅಕ್ಷರ ಓದಿಸಿದೆ. ಅಲ್ಲಿ 80 ಅಂತಲೇ ಇತ್ತು. ಪರೀಕ್ಷೆ ಇನ್ನೂ ಶುರುವೇ ಆಗಿರಲಿಲ್ಲ. ಅಲ್ಲಿಗೇ ನಿಲ್ಲಿಸಿ, ಆಗ ಅವಳಿಂದ ಮಾತ್ರೆ ಇಲ್ಲದ ಡೈರಿ ತಿಂಗಳು ಮಾಡಿಸಿದೆ. ಮೇಲೆ ಹೇಳಿದ 10 ಮತ್ತು 8 ಬಂದದ್ದು ಆಗಲೇ. ಕೆಲವು ಕಂಪನಿಗಳು ಮುಂದೆಯೇ ಶುದ್ಧ ಮೆಗ್ನೀಶಿಯಂನ ತೂಕ ಹಾಕುತ್ತವೆ, ಹಾಗಾಗಿ ಡಬ್ಬಿ ಬದಲಾದಾಗಲೆಲ್ಲ ಓದಲೇಬೇಕು.

ಹಾಗಾದರೆ ಆಕ್ಸೈಡ್ ಒಳ್ಳೆಯದಲ್ವಾ, ಒಂದೇ ಮಾತ್ರೆಯಲ್ಲಿ ಜಾಸ್ತಿ ಇದೆಯಲ್ಲ ಅನ್ನಬಹುದು. ಜಾಸ್ತಿ ಇರುವುದು ನಿಜ, ಆದರೆ ಕರುಳು ಅದನ್ನು ಹೀರಿಕೊಳ್ಳುವುದು ಕಡಿಮೆ. ಹೀರದೆ ಉಳಿದದ್ದು ಕರುಳಿಗೆ ನೀರೆಳೆದು ಭೇದಿ ಮಾಡಿಸುತ್ತದೆ. ಸಿಟ್ರೇಟ್ ಚೆನ್ನಾಗಿ ಒಳಗೆ ಹೋಗುತ್ತದೆ, ಆದರೂ ಹೊಟ್ಟೆ ಸಡಿಲ ಮಾಡಬಹುದು. ಗ್ಲೈಸಿನೇಟ್ ಹೊಟ್ಟೆಗೆ ಮೆತ್ತಗೆ ಅಂತ ಹಲವರು ಹೇಳುತ್ತಾರೆ, ಆದರೆ ಮೈಗ್ರೇನ್ ಮೇಲೆ ಹೆಸರಾದ ಪ್ರಯೋಗ ನಡೆದದ್ದು ಸಿಟ್ರೇಟ್ ಮೇಲೆ. ನಾನಾದರೆ ಸಿಟ್ರೇಟ್‌ನಿಂದ ಶುರು ಮಾಡಿ, ಹೊಟ್ಟೆ ಒಪ್ಪದಿದ್ದರೆ ಮಾತ್ರ ಗ್ಲೈಸಿನೇಟ್‌ಗೆ ಹೋಗುತ್ತೇನೆ.

ಆ ಪ್ರಯೋಗ 1996ರದ್ದು. 81 ಜನರಲ್ಲಿ ಕೆಲವರಿಗೆ ದಿನಕ್ಕೆ 600 ಮಿಲಿಗ್ರಾಂ ಮೆಗ್ನೀಶಿಯಂ ಅನ್ನು ಸಿಟ್ರೇಟ್ ರೂಪದಲ್ಲಿ, ಉಳಿದವರಿಗೆ ಔಷಧಿಯೇ ಇಲ್ಲದ ಹುಸಿ ಮಾತ್ರೆ, ಹೀಗೆ 12 ವಾರ ಕೊಟ್ಟರು. 9ನೇ ವಾರದಿಂದ 12ನೇ ವಾರದ ಲೆಕ್ಕದಲ್ಲಿ ಮೆಗ್ನೀಶಿಯಂನವರಿಗೆ ನೋವು ಬರುವುದು ಸುಮಾರು ಶೇ. 42 ಕಡಿಮೆಯಾಯಿತು, ಹುಸಿ ಮಾತ್ರೆಯವರಿಗೆ ಸುಮಾರು ಶೇ. 16. ಲೆಕ್ಕ ಹಾಕಿದ್ದು ಮೂರನೇ ತಿಂಗಳಲ್ಲಿ ಅನ್ನುವುದನ್ನು ಗಮನಿಸಿ. ಅದೇ ವರ್ಷ ಬಂದ ಇನ್ನೊಂದು ಪ್ರಯೋಗದಲ್ಲಿ ಮೆಗ್ನೀಶಿಯಂನ ಬೇರೆ ರೂಪ, ಸ್ವಲ್ಪ ಕಡಿಮೆ ಪ್ರಮಾಣ ಕೊಟ್ಟಿದ್ದರು. ಅದರಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಅದಕ್ಕೇ ಇದನ್ನು ಖಚಿತ ಮದ್ದು ಅನ್ನಲು ಬರುವುದಿಲ್ಲ, ಪ್ರಯತ್ನಿಸಿ ನೋಡಬಹುದಾದದ್ದು ಅನ್ನಬಹುದು.

ಏರಿಸುವ ಕ್ರಮ ಹೀಗೆ. ಮೊದಲ ವಾರ ರಾತ್ರಿ ಊಟದ ಜೊತೆ ಸುಮಾರು 150 ಮಿಲಿಗ್ರಾಂ. ಹೊಟ್ಟೆ ಸುಮ್ಮನಿದ್ದರೆ ಎರಡನೇ ವಾರ ಬೆಳಿಗ್ಗೆ ತಿಂಡಿಯ ಜೊತೆ ಇನ್ನೊಂದು 150. ಮೂರನೇ ವಾರ ಎರಡೂ ಹೊತ್ತು 200, ಒಟ್ಟು 400. ಅಲ್ಲಿ ನಿಂತುಬಿಡಿ. 600ಕ್ಕೆ ಹೋಗುವುದಾದರೆ ಡಾಕ್ಟರಿಗೆ ಹೇಳಿಯೇ ಹೋಗಿ. ಹಾಗೆ ನೋಡಿದರೆ 400 ಕೂಡ ಪುಟ್ಟ ಪ್ರಮಾಣವಲ್ಲ. ಮಾತ್ರೆಯಿಂದ ತಗೊಳ್ಳುವ ಮೆಗ್ನೀಶಿಯಂಗೆ ಅಮೆರಿಕದ ಪೋಷಣಾ ತಜ್ಞರು ಹಾಕಿದ ಮೇಲ್ಮಿತಿ 350, ಯುರೋಪಿನವರದು 250. ಎರಡಕ್ಕೂ ಮುಖ್ಯ ಕಾರಣ ಭೇದಿಯೇ.

ಎರಡು ದಿನ ಬಿಡದೆ ನೀರು ನೀರಾಗಿ ಹೋದರೆ ಒಂದು ಹೆಜ್ಜೆ ಹಿಂದೆ ಬನ್ನಿ. ಅಕ್ಕನಿಗೆ 400ಕ್ಕೆ ಹೋದ ಮೂರನೇ ದಿನ ಹಾಗಾಯಿತು. 300ಕ್ಕೆ ಇಳಿಸಿದಳು, ನಿಂತಿತು. ಅವಳ ಹೊಟ್ಟೆಗೆ ಅಷ್ಟೇ ತಾಳಿಕೆ, ಮೂರು ತಿಂಗಳು ಅದನ್ನೇ ಮುಂದುವರಿಸಿದಳು.

ಥೈರಾಯ್ಡ್ ಮಾತ್ರೆ ತಗೊಳ್ಳುವವರು ಅದಕ್ಕೂ ಮೆಗ್ನೀಶಿಯಂಗೂ ನಾಲ್ಕು ಗಂಟೆ ಅಂತರ ಇಡಿ. ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್ ಥರದ ಆಂಟಿಬಯಾಟಿಕ್ ಕೊಟ್ಟಿದ್ದರೆ ಆ ಕೋರ್ಸ್ ಮುಗಿಯುವ ತನಕ ಮೆಗ್ನೀಶಿಯಂ ನಿಲ್ಲಿಸುವುದೇ ಸುಲಭ. ಮೆಗ್ನೀಶಿಯಂ ಅವುಗಳನ್ನು ಹೊಟ್ಟೆಯಲ್ಲೇ ಹಿಡಿದುಕೊಂಡುಬಿಡುತ್ತದೆ, ಔಷಧಿ ರಕ್ತಕ್ಕೆ ಸರಿಯಾಗಿ ಹೋಗುವುದಿಲ್ಲ. ಮೂಳೆ ಸವೆತಕ್ಕೆ ಕೊಡುವ ಕೆಲವು ಮಾತ್ರೆಗಳದ್ದೂ ಇದೇ ಕಥೆ.

"ರಕ್ತ ಪರೀಕ್ಷೆ ಮಾಡಿಸಿ, ಕಡಿಮೆ ಇದ್ದರೆ ತಗೋತೀನಿ" ಅನ್ನುವವರು ಇದ್ದಾರೆ. ಮೈಯಲ್ಲಿರುವ ಮೆಗ್ನೀಶಿಯಂನಲ್ಲಿ ರಕ್ತದ ನೀರಿನಲ್ಲಿ ಇರುವುದು ನೂರಕ್ಕೆ ಒಂದು ಭಾಗಕ್ಕಿಂತ ಕಡಿಮೆ. ಉಳಿದದ್ದೆಲ್ಲ ಮೂಳೆಯಲ್ಲಿ, ಜೀವಕೋಶಗಳ ಒಳಗೆ. ಹಾಗಾಗಿ ರಿಪೋರ್ಟ್ ನಾರ್ಮಲ್ ಬಂದರೂ ಅದರಿಂದ ಜಾಸ್ತಿ ತಿಳಿಯುವುದಿಲ್ಲ.

ರೈಬೋಫ್ಲೇವಿನ್: ಪ್ರಮಾಣ ಒಂದೇ, ತಾಳ್ಮೆ ಜಾಸ್ತಿ ಬೇಕು

ಇದು ವಿಟಮಿನ್ ಬಿ2. ಮೈಗ್ರೇನ್‌ಗೆ ದಿನಕ್ಕೆ 400 ಮಿಲಿಗ್ರಾಂ. ಸಾಮಾನ್ಯವಾಗಿ ದೊಡ್ಡವರಿಗೆ ದಿನಕ್ಕೆ ಬೇಕಾಗುವುದು ಒಂದೂಕಾಲು ಮಿಲಿಗ್ರಾಂ ಆಸುಪಾಸು. ಅಂದರೆ ಇದು ಮುನ್ನೂರು ಪಟ್ಟು. ಕೇಳಿದರೆ ಗಾಬರಿಯಾಗುತ್ತದೆ, ಆದರೆ ಕರುಳು ಒಂದು ಸಲಕ್ಕೆ ಹೀರುವುದಕ್ಕೆ ಮಿತಿ ಇದೆ, ಹೀರಿದ್ದರಲ್ಲೂ ಹೆಚ್ಚಿನದು ಮೂತ್ರದಲ್ಲಿ ಹೋಗಿಬಿಡುತ್ತದೆ. ಮೂತ್ರ ಹೊಳೆಯುವ ಹಳದಿ ಆಗುತ್ತದೆ. ಅದು ಕಾಮಾಲೆ ಅಲ್ಲ, ಹೆದರಬೇಡಿ. ಆದರೆ ಮೂತ್ರ ಪರೀಕ್ಷೆ ಇದ್ದರೆ ಲ್ಯಾಬ್‌ನವರಿಗೆ ಹೇಳಿ, ಬಣ್ಣದಿಂದ ಓದುವ ಪಟ್ಟಿಗಳಲ್ಲಿ ಎಡವಟ್ಟಾಗಬಹುದು.

ಊಟದ ಜೊತೆ ತಗೊಂಡರೆ ಚೆನ್ನಾಗಿ ಒಳಗೆ ಹೋಗುತ್ತದೆ. ಪ್ರಯೋಗದಲ್ಲಿ ದಿನಕ್ಕೆ ಒಂದೇ ಸಲ ಕೊಟ್ಟಿದ್ದರು. ಬೆಳಿಗ್ಗೆ 200, ರಾತ್ರಿ 200 ಅಂತ ಒಡೆದು ತಗೊಳ್ಳುವವರೂ ಇದ್ದಾರೆ. ಮೆಗ್ನೀಶಿಯಂ ಥರ ನಿಧಾನಕ್ಕೆ ಏರಿಸಬೇಕಾಗಿಲ್ಲ. ಕೆಲವರಿಗೆ ಸ್ವಲ್ಪ ಭೇದಿ ಆಗಬಹುದು, ಬೇರೆ ತೊಂದರೆ ಅಪರೂಪ.

ಇಲ್ಲೂ ಒಂದು ಲೇಬಲ್ ಗುಂಡಿ ಇದೆ. ಬಿ ಕಾಂಪ್ಲೆಕ್ಸ್ ಮಾತ್ರೆಯಲ್ಲಿ ರೈಬೋಫ್ಲೇವಿನ್ 10 ಮಿಲಿಗ್ರಾಂ ಇರುತ್ತದೆ ಅಂದುಕೊಳ್ಳಿ. 400 ಆಗಬೇಕಾದರೆ ನಲವತ್ತು ಮಾತ್ರೆ ನುಂಗಬೇಕು. ಅಷ್ಟೊಂದು ಬೇಡ, ದಿನಕ್ಕೆ ಹತ್ತು ನುಂಗಿದರೂ ಅದರ ಜೊತೆ ಬಿ6 ಕೂಡ ರಾಶಿ ಹೋಗುತ್ತದೆ. ಬಿ6 ಜಾಸ್ತಿಯಾಗಿ ತುಂಬಾ ದಿನ ಹೋದರೆ ಕೈಕಾಲಿನ ನರ ಹಾಳಾಗಿ ಜೋಮು ಹಿಡಿಯುತ್ತದೆ. ಬರೀ ರೈಬೋಫ್ಲೇವಿನ್ ಇರುವ ಮಾತ್ರೆಯನ್ನೇ ಹುಡುಕಬೇಕು, 100 ಅಥವಾ 200 ಅಥವಾ 400ರದ್ದು.

1998ರ ಪ್ರಯೋಗದಲ್ಲಿ 55 ಜನ ಇದ್ದರು, ಮೂರು ತಿಂಗಳು ನಡೆಯಿತು. ನೋವು ಅರ್ಧಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿದವರು ರೈಬೋಫ್ಲೇವಿನ್ ಗುಂಪಿನಲ್ಲಿ ನೂರಕ್ಕೆ 59, ಹುಸಿ ಮಾತ್ರೆ ಗುಂಪಿನಲ್ಲಿ 15. ಗುಣ ಚೆನ್ನಾಗಿ ಕಂಡದ್ದು ಮೂರನೇ ತಿಂಗಳಲ್ಲಿ. ಪ್ರಯೋಗ ಚಿಕ್ಕದು, ಅದನ್ನು ಮರೆಯಬಾರದು. ಮಕ್ಕಳ ಮೇಲೆ 200 ಮಿಲಿಗ್ರಾಂ ಕೊಟ್ಟು ಮಾಡಿದ ಪ್ರಯೋಗದಲ್ಲಿ ಹುಸಿ ಮಾತ್ರೆಗಿಂತ ಜಾಸ್ತಿ ಗುಣ ಕಾಣಲಿಲ್ಲ. ದೊಡ್ಡವರ ಲೆಕ್ಕವನ್ನು ಮಕ್ಕಳಿಗೆ ಹಾಗೇ ಹಚ್ಚಬೇಡಿ.

ಫೀವರ್‌ಫ್ಯೂ: ಕೊನೆಗೆ ಬರಲಿ

ಸೇವಂತಿಗೆಯ ಬಳಗದ, ಪುಟ್ಟ ಬಿಳಿ ಹೂವಿನ ಗಿಡ ಇದು. ಗಿಡಮೂಲಿಕೆ ಅಂದ ಮಾತ್ರಕ್ಕೆ ಸೌಮ್ಯ ಅಂದುಕೊಳ್ಳುವುದು ಬೇಡ. ಮೂರರಲ್ಲಿ ಆಧಾರ ಕಡಿಮೆ ಇರುವುದು, ಕಿರಿಕಿರಿ ಜಾಸ್ತಿ ಇರುವುದು ಇದಕ್ಕೇ ಅಂತ ನನ್ನ ಅಭಿಪ್ರಾಯ. 2012ರಲ್ಲಿ ಅಮೆರಿಕದ ನರರೋಗ ತಜ್ಞರ ಮಾರ್ಗಸೂಚಿ ಇದನ್ನು ಮೆಗ್ನೀಶಿಯಂ, ರೈಬೋಫ್ಲೇವಿನ್ ಸಾಲಿನಲ್ಲೇ ಕೂರಿಸಿತು. ಅದೇ ವರ್ಷ ಕೆನಡಾದ ತಲೆನೋವು ತಜ್ಞರು ಆ ಎರಡನ್ನು ಶಿಫಾರಸು ಮಾಡಿ, ಫೀವರ್‌ಫ್ಯೂ ಬೇಡ ಅಂದರು.

ಇಷ್ಟು ಭಿನ್ನಾಭಿಪ್ರಾಯಕ್ಕೆ ಕಾರಣ ಒಂದೊಂದು ಪ್ರಯೋಗದಲ್ಲಿ ಒಂದೊಂದು ಥರದ ಸರಕು ಇದ್ದದ್ದು. ಕೆಲವರು ಒಣ ಎಲೆ ಪುಡಿ ಕೊಟ್ಟರು, ಕೆಲವರು ಆಲ್ಕೋಹಾಲ್‌ನಲ್ಲಿ ತೆಗೆದ ಸಾರ ಕೊಟ್ಟರು. ಚೆನ್ನಾಗಿ ನಡೆದ ಒಂದು ಪ್ರಯೋಗ 2005ರದ್ದು, 170 ಜನರ ಮೇಲೆ. ಅದರಲ್ಲಿ ಎಂಐಜಿ-99 ಅನ್ನುವ ವಿಶೇಷ ಸಾರ 6.25 ಮಿಲಿಗ್ರಾಂ, ದಿನಕ್ಕೆ ಮೂರು ಸಲ, 16 ವಾರ. ತಿಂಗಳಿಗೆ ಸುಮಾರು 4.8 ಸಲ ಬರುತ್ತಿದ್ದ ನೋವು ಇದರಿಂದ 1.9 ಸಲ ಕಡಿಮೆಯಾಯಿತು, ಹುಸಿ ಮಾತ್ರೆಯಿಂದ 1.3 ಸಲ. ನಿಜವಾದ ಲಾಭ ತಿಂಗಳಿಗೆ ಅರ್ಧ ಸಲಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ಒಣ ಎಲೆ ಪುಡಿಯ ಕ್ಯಾಪ್ಸೂಲ್ ಆದರೆ ದಿನಕ್ಕೆ 50ರಿಂದ 150 ಮಿಲಿಗ್ರಾಂ ಅನ್ನುವುದು ವಾಡಿಕೆ. ಇದನ್ನೂ ಆ ಸಾರದ ಮಿಲಿಗ್ರಾಂ ಅನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ, ಎರಡೂ ಬೇರೆ ಬೇರೆ. ಕಾಯುವುದು ಮೂರರಿಂದ ನಾಲ್ಕು ತಿಂಗಳು.

ಹಸಿ ಎಲೆ ಅಗಿಯುವವರಿಗೆ ಬಾಯಿ ಹುಣ್ಣಾಗುತ್ತದೆ, ನಾಲಿಗೆ ಉರಿಯುತ್ತದೆ. ಸೇವಂತಿಗೆ ಬಳಗದ ಗಿಡಗಳು ಆಗದವರು ಇದನ್ನು ಮುಟ್ಟಬಾರದು. ಪಾರ್ಥೇನಿಯಂ ಕಳೆಯಿಂದ ಮೈ ಕೆರೆಯುವವರೂ ಅಷ್ಟೇ. ಇನ್ನೊಂದು ಮಾತು, ಫೀವರ್‌ಫ್ಯೂ ಗಿಡದ ಶಾಸ್ತ್ರೀಯ ಹೆಸರಿನಲ್ಲಿ ಪಾರ್ಥೇನಿಯಂ ಅನ್ನುವ ಪದ ಬರುತ್ತದೆ, ಆದರೆ ಅದು ಈ ಕಳೆ ಅಲ್ಲ. ಹೆಸರು ನೋಡಿ ಕಳೆ ಕಿತ್ತು ತಿನ್ನಲು ಹೋದರೆ ಕಷ್ಟ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು, ಆಪರೇಷನ್ ಹತ್ತಿರವಿರುವವರು ಇದನ್ನು ಬಿಡುವುದು ಒಳ್ಳೆಯದು.

ಮೂರನ್ನೂ ಸೇರಿಸಿದರೆ?

ಇದನ್ನೂ ಪರೀಕ್ಷೆ ಮಾಡಿದ್ದಾರೆ, ಕಥೆ ಸ್ವಾರಸ್ಯವಾಗಿದೆ. 2004ರ ಪ್ರಯೋಗದಲ್ಲಿ ಒಂದು ಗುಂಪಿಗೆ ರೈಬೋಫ್ಲೇವಿನ್ 400, ಮೆಗ್ನೀಶಿಯಂ 300, ಫೀವರ್‌ಫ್ಯೂ 100 ಮಿಲಿಗ್ರಾಂ ಸೇರಿಸಿ ಮೂರು ತಿಂಗಳು ಕೊಟ್ಟರು. ಇನ್ನೊಂದು ಗುಂಪಿಗೆ ಹುಸಿ ಮಾತ್ರೆ. ಆದರೆ ಮೂತ್ರದ ಬಣ್ಣ ನೋಡಿ ಗುಟ್ಟು ಗೊತ್ತಾಗಬಾರದಲ್ಲ, ಅದಕ್ಕೆ ಆ ಹುಸಿ ಮಾತ್ರೆಯಲ್ಲಿ 25 ಮಿಲಿಗ್ರಾಂ ರೈಬೋಫ್ಲೇವಿನ್ ಹಾಕಿದರು. ನೋವು ಅರ್ಧಕ್ಕೆ ಇಳಿದವರು ಮೊದಲ ಗುಂಪಿನಲ್ಲಿ ನೂರಕ್ಕೆ 42, ಎರಡನೆಯದರಲ್ಲಿ 44. ವ್ಯತ್ಯಾಸವೇ ಇಲ್ಲ! 25 ಮಿಲಿಗ್ರಾಂ ಕೂಡ ಕೆಲಸ ಮಾಡಿರಬಹುದು, ಅಥವಾ ಎರಡೂ ಕಡೆ ನಂಬಿಕೆಯೇ ಕೆಲಸ ಮಾಡಿರಬಹುದು. ಏನೇ ಇರಲಿ, ಮೂರನ್ನು ಒಂದೇ ಕ್ಯಾಪ್ಸೂಲ್‌ನಲ್ಲಿ ತುಂಬಿದ ದುಬಾರಿ ಡಬ್ಬಿ ಜಾಸ್ತಿ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಇಲ್ಲಿ ಬಲ ಸಿಗುವುದಿಲ್ಲ. ಅಂಥ ಡಬ್ಬಿಯಲ್ಲಿ ಬಟರ್‌ಬರ್ ಅನ್ನುವ ಹೆಸರು ಕಂಡರೆ ವಾಪಸ್ ಇಟ್ಟುಬಿಡಿ. ಮೈಗ್ರೇನ್‌ಗೆ ಒಳ್ಳೆಯದು ಅಂತ ಹೆಸರು ಮಾಡಿದ್ದ ಆ ಮೂಲಿಕೆಯಿಂದ ಲಿವರ್ ಕೆಡುವ ಭಯ ಇದೆ.

ಲೆಕ್ಕ ನೋಡುವ ದಿನ

ಮೂರು ತಿಂಗಳನ್ನು ಮೊದಲ ಮಾತ್ರೆಯ ದಿನದಿಂದ ಎಣಿಸಬೇಡಿ. ಪೂರ್ತಿ ಪ್ರಮಾಣಕ್ಕೆ ಬಂದ ದಿನದಿಂದ ಎಣಿಸಿ. ನೋಡಬೇಕಾದದ್ದು ಮೂರನೇ ತಿಂಗಳ ಸಂಖ್ಯೆ, ಮೂರರ ಸರಾಸರಿ ಅಲ್ಲ. ಅದನ್ನು ಮಾತ್ರೆ ಇಲ್ಲದ ತಿಂಗಳ ಪಕ್ಕ ಇಡಿ. ಅರ್ಧ ಅಥವಾ ಅದಕ್ಕಿಂತ ಕಡಿಮೆಯಾಗಿದ್ದರೆ ಗೆದ್ದಿತು. ಮೂರರಲ್ಲಿ ಒಂದು ಭಾಗ ಕಡಿಮೆಯಾಗಿದ್ದು ನಿಮಗೆ ಬದುಕು ಹಗುರವಾಗಿದ್ದರೆ ಮುಂದುವರಿಸಬಹುದು. ಅದಕ್ಕಿಂತ ಕಡಿಮೆ ಬದಲಾವಣೆ ತಾನಾಗಿಯೇ ಆಗುವ ಏರಿಳಿತದಲ್ಲಿ ಮುಳುಗಿಹೋಗುತ್ತದೆ.

ಅಕ್ಕನ ಮೆಗ್ನೀಶಿಯಂ ಲೆಕ್ಕ: ಶುರುವಿಗೆ ಮೊದಲು 10 ದಿನ, ಮೊದಲ ತಿಂಗಳು 9, ಎರಡನೆಯದು 8, ಮೂರನೆಯದು 8. "ಎರಡು ದಿನ ಕಡಿಮೆ ಆಯ್ತಲ್ಲ" ಅಂದಳು. ನಾನು ಒಪ್ಪಲಿಲ್ಲ. ನಿಲ್ಲಿಸಿ, ಒಂದು ತಿಂಗಳು ಖಾಲಿ ಬಿಟ್ಟಳು. ಆಗ 9 ಬಂತು. ಅಂದರೆ ಮೆಗ್ನೀಶಿಯಂ ಅವಳಿಗೆ ಮಾಡಿದ್ದು ಏನೂ ಇಲ್ಲ ಅನ್ನಬಹುದು.

ಆಮೇಲೆ ರೈಬೋಫ್ಲೇವಿನ್ 400. ಮೊದಲ ತಿಂಗಳು 9, ಎರಡನೆಯದು 7, ಮೂರನೆಯದು 4. ಆ 4 ನೋಡಿ ನನಗೇ ಅನುಮಾನ ಬಂತು, ಒಂದೇ ಒಳ್ಳೆಯ ತಿಂಗಳು ಇರಬಹುದು ಅಂತ. ನಾಲ್ಕನೆಯದು 5 ಬಂತು. ನೋವಿನ ಮಾತ್ರೆಯ ದಿನಗಳು 8ರಿಂದ 3ಕ್ಕೆ ಇಳಿದಿದ್ದವು. ಮೊದಲ ತಿಂಗಳಲ್ಲೇ ಬಿಟ್ಟಿದ್ದರೆ ರೈಬೋಫ್ಲೇವಿನ್ ಕೂಡ ಕೆಲಸಕ್ಕೆ ಬಾರದ್ದು ಅಂತ ಬರೆದುಕೊಳ್ಳುತ್ತಿದ್ದಳು. ಇನ್ನೊಬ್ಬರಿಗೆ ಇದು ಉಲ್ಟಾ ಆಗಬಹುದು, ಮೆಗ್ನೀಶಿಯಂ ಹಿಡಿದು ರೈಬೋಫ್ಲೇವಿನ್ ಕೈಕೊಡಬಹುದು. ಎರಡರಲ್ಲೂ ಗೆಲುವು ಸಿಗದಿದ್ದರೆ ಫೀವರ್‌ಫ್ಯೂಗೆ ಓಡುವ ಮುಂಚೆ ಡಾಕ್ಟರ ಹತ್ತಿರ ತಡೆ ಔಷಧಿಗಳ ಬಗ್ಗೆ ಮಾತಾಡಿ ಅನ್ನುತ್ತೇನೆ. ಆ ಹೊತ್ತಿಗೆ ನಿಮ್ಮ ಕೈಯಲ್ಲಿ ಏಳೆಂಟು ತಿಂಗಳ ಡೈರಿ ಇರುತ್ತದೆ, ಅದನ್ನು ತಗೊಂಡು ಹೋಗಿ.

ನಿಲ್ಲಿಸುವುದು

ಗೆದ್ದ ವಸ್ತುವನ್ನೂ ಆರೆಂಟು ತಿಂಗಳಾದ ಮೇಲೆ ಒಮ್ಮೆ ನಿಲ್ಲಿಸಿ ನೋಡಬೇಕು. ರೈಬೋಫ್ಲೇವಿನ್, ಮೆಗ್ನೀಶಿಯಂ ಹಾಗೇ ನಿಲ್ಲಿಸಬಹುದು. ಫೀವರ್‌ಫ್ಯೂ ತುಂಬಾ ದಿನ ತಗೊಂಡವರು ಮಾತ್ರ ಕೆಲವು ವಾರಗಳಲ್ಲಿ ಸ್ವಲ್ಪ ಸ್ವಲ್ಪವೇ ಇಳಿಸಬೇಕು. 1985ರಲ್ಲಿ ಲಂಡನ್ನಿನಲ್ಲಿ, ದಿನಾ ಫೀವರ್‌ಫ್ಯೂ ಎಲೆ ತಿನ್ನುತ್ತಿದ್ದ 17 ಜನರಲ್ಲಿ ಕೆಲವರಿಗೆ ಗೊತ್ತಾಗದ ಹಾಗೆ ಹುಸಿ ಕ್ಯಾಪ್ಸೂಲ್ ಕೊಟ್ಟಾಗ, ಅವರಿಗೆ ತಲೆನೋವು ಮತ್ತೆ ಜಾಸ್ತಿಯಾಯಿತು. ಹಠಾತ್ತಾಗಿ ಬಿಟ್ಟವರಲ್ಲಿ ಕೆಲವರಿಗೆ ನಿದ್ದೆಗೆಡುವುದು, ಕೀಲು ಬಿಗಿಯುವುದು, ಚಡಪಡಿಕೆ ಕೂಡ ಆಗುತ್ತದೆ.

ಅಕ್ಕ ಎಂಟನೇ ತಿಂಗಳು ಮುಗಿದ ಮೇಲೆ ರೈಬೋಫ್ಲೇವಿನ್ ನಿಲ್ಲಿಸಿದಳು. ಮುಂದಿನ ತಿಂಗಳು 5, ಅದರ ಮುಂದಿನದು 8. ಮತ್ತೆ ಶುರು ಮಾಡಿದ್ದಾಳೆ. ಈಗ ಎರಡನೇ ತಿಂಗಳು ನಡೆಯುತ್ತಿದೆ, ಡೈರಿಯಲ್ಲಿ ಇದುವರೆಗೆ ತಲೆನೋವಿನ ದಿನ 6 ಇವೆ. ಮೊದಲಿನ ಹಾಗೆ ಫೋನ್ ಮಾಡಿ ಬಿಡ್ತೀನಿ ಅನ್ನಲಿಲ್ಲ.